ಕನ್ಸಲ್ಟಿಂಗ್ ಪ್ರೊಫೈಲ್‌ನ ಮೊದಲ ಪುಟದಲ್ಲಿ ನಾನು ಬರೆದದ್ದು

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಕ್ರೀಟ್ ಪಾಠ ಮಾಡುವವನು. ಕಂಪನಿಗಳಿಗೆ ಕಾಲೇಜಿನ ಬಯೋಡೇಟಾವನ್ನು ಹಾಗೇ ಕಳಿಸುವುದಿಲ್ಲ. ಬಡ್ತಿಗೆ ಪೇಪರ್‌ಗಳ ಲೆಕ್ಕ ಬೇಕು, ಸರಿ. ಆದರೆ ರೆಡಿಮಿಕ್ಸ್ ಪ್ಲಾಂಟಿನ ಕ್ವಾಲಿಟಿ ಮ್ಯಾನೇಜರ್ ನೋಡುವುದು ಒಂದನ್ನೇ: ತನಗೆ ಬಂದಂಥ ತೊಂದರೆಯನ್ನು ಈ ಮೇಷ್ಟ್ರು ಎಲ್ಲಾದರೂ ಬಿಡಿಸಿದ್ದಾರಾ?

ಅದಕ್ಕೇ ನನ್ನ ಮೊದಲ ಪುಟದಲ್ಲಿ ಒಂದು ಕೆಲಸದ ಕಥೆಯಿದೆ. ಒಂದು ಪ್ಲಾಂಟಿನ ಕಾಂಕ್ರೀಟ್ ಸೈಟ್ ಮುಟ್ಟುವಷ್ಟರಲ್ಲಿ ಗಟ್ಟಿಯಾಗುತ್ತಿತ್ತು. ಅಲ್ಲಿ ನೀರು ಸುರಿಯುತ್ತಿದ್ದರು, ಬಲ ನೋಡಲು ಒಡೆಯುವ ಕ್ಯೂಬ್‌ಗಳು ಫೇಲ್ ಆಗುತ್ತಿದ್ದವು. ಎಲ್ಲರೂ ಸಿಮೆಂಟ್ ಮೇಲೆ ಅನುಮಾನ ಪಡುತ್ತಿದ್ದರು. ನಾವು ಎಂ-ಸ್ಯಾಂಡ್ ನೋಡಿದೆವು. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಮರಳು-ಜಲ್ಲಿಯ ಭಾರತೀಯ ಮಾನದಂಡ ಐಎಸ್ 383ರ 15 ಶೇಕಡಾ ಮಿತಿಯೊಳಗೇ ಇತ್ತು. ಆದರೆ ಅದು ಕಲ್ಲಿನ ಪುಡಿಯೋ, ಜೇಡಿಯೋ ಅಂತ ಜರಡಿ ಹೇಳುವುದಿಲ್ಲ. ಅದಕ್ಕೆ ಮೆಥಿಲೀನ್ ಬ್ಲೂ ಪರೀಕ್ಷೆ ಬೇಕು. ಪುಡಿ ಕಲಸಿದ ನೀರಿಗೆ ನೀಲಿ ದ್ರಾವಣ ಸೇರಿಸುತ್ತಾ, ಆಗಾಗ ಒಂದು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಡಬೇಕು. ಹನಿಯ ಸುತ್ತ ತಿಳಿನೀಲಿ ಉಂಗುರ ನಿಲ್ಲುವವರೆಗೆ ಪುಡಿ ಬಣ್ಣ ಕುಡಿಯುತ್ತಲೇ ಇದೆ ಎಂದರ್ಥ. ಈ ಪುಡಿ ಸಿಕ್ಕಾಪಟ್ಟೆ ಕುಡಿಯಿತು. ಹಾಗೆ ಕುಡಿಯುವ ಜೇಡಿ, ಕಾಂಕ್ರೀಟನ್ನು ಸಡಿಲವಾಗಿಡಲು ಹಾಕುವ ಪಿಸಿಇ ಅಡ್ಮಿಕ್ಸ್ಚರ್ ಅನ್ನೂ ನುಂಗುತ್ತದೆ. ಅಡ್ಮಿಕ್ಸ್ಚರ್ ಜಾಸ್ತಿ ಹಾಕಿದರೆ ಬರೀ ಖರ್ಚು. ಮರಳು ತೊಳೆಸಿದ ಮೇಲೆ ಸ್ಲಂಪ್, ಅಂದರೆ ಕಾಂಕ್ರೀಟಿನ ಸಡಿಲತನ, ಸೈಟ್ ಮುಟ್ಟುವವರೆಗೂ ಉಳಿಯಿತು.

ಪ್ರೊಫೈಲ್‌ನಲ್ಲಿ ಇದು ನಾಲ್ಕು ಸಾಲು: ತೊಂದರೆ, ಪರೀಕ್ಷೆ, ಕಾರಣ, ಪರಿಹಾರ. ಕಂಪನಿ ಹೆಸರಿಲ್ಲ. ಕೆಳಗೆ ಇದೇ ವಿಷಯದ ಎರಡು ಪೇಪರ್ ಮಾತ್ರ, ಉಳಿದದ್ದಕ್ಕೆ ನನ್ನ ಪೇಪರ್ ಪಟ್ಟಿಯಿರುವ ಆರ್ಕಿಡ್ (ORCID) ಪುಟದ ಲಿಂಕ್. ಬೇರೆ ಕಾಲೇಜಿನವರು ವಿಸಿಟಿಂಗ್ ಪಾಠಕ್ಕೆ ಕರೆದಾಗಲೂ ಇದೇ ಪುಟ ಕಳಿಸುತ್ತೇನೆ, ಪಾಠದ ವಿಷಯಗಳನ್ನಷ್ಟೇ ಸೇರಿಸುತ್ತೇನೆ.

ಪಾಠ, ಪಿಎಚ್‌ಡಿ, ಪೇಪರ್, ಕನ್ಸಲ್ಟಿಂಗ್ ನಾಲ್ಕನ್ನೂ ಬೇರೆಬೇರೆ ವಿಷಯದಲ್ಲಿ ಮಾಡಲು ಹೋದರೆ ಆಗದ ಮಾತು. ಯುಜಿಸಿ 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ನೇರ ಪಾಠವೇ ಇದೆ. ಹಾಗಾಗಿ ಎಂ-ಸ್ಯಾಂಡ್ ಬಿಟ್ಟು ಬೇರೆ ಕೆಲಸ ಒಪ್ಪುವುದಿಲ್ಲ. ನನ್ನ ಪಿಎಚ್‌ಡಿ ವಿದ್ಯಾರ್ಥಿನಿಯ ವಿಷಯವೂ ಅದೇ. ಆದರೆ ಕಂಪನಿಯ ಮಾಮೂಲಿ ಕ್ಯೂಬ್ ಒಡೆಯಲು ಆಕೆಯನ್ನು ಕೂರಿಸುವುದಿಲ್ಲ, ಅದಕ್ಕೆ ಲ್ಯಾಬ್ ಸಿಬ್ಬಂದಿ ಇದ್ದಾರೆ. ಪ್ರಬಂಧಕ್ಕೆ ಬರುವ ಪ್ರಯೋಗ ಮಾತ್ರ ಆಕೆಯದು. ಪೇಪರ್‌ನಲ್ಲಿ ಮೊದಲ ಹೆಸರೂ ಆಕೆಯದೇ. ಕಂಪನಿಯ ವರದಿಗೆ ಸಹಿ ನನ್ನದು.

ಪ್ರಕಟಣೆಯ ಮಾತನ್ನು ಕೆಲಸ ಶುರುವಾಗುವ ಮೊದಲೇ ಪತ್ರದಲ್ಲಿ ಬರೆಸಿಕೊಳ್ಳುತ್ತೇನೆ: ಹೆಸರು, ಕ್ವಾರಿ, ಗ್ರಾಹಕರ ವಿವರ ತೆಗೆದು ಪರೀಕ್ಷೆಯ ಅಂಕಿಅಂಶ ಬಳಸಬಹುದು, ಕಳಿಸುವ ಮೊದಲು ಅವರಿಗೆ ತೋರಿಸುತ್ತೇನೆ. ವರದಿ ಕೊಟ್ಟ ಮೇಲೆ ಕೇಳಿದರೆ ಯಾರು ಒಪ್ಪುತ್ತಾರೆ, ಅಲ್ವಾ? ಪ್ರಿನ್ಸಿಪಾಲರ ಅನುಮತಿಯೂ ಆಗಲೇ. ಬಿಲ್ ಕಾಲೇಜಿನ ಹೆಸರಲ್ಲೇ ಹೋಗುತ್ತದೆ.

ಪುಟದ ಕೊನೆಯಲ್ಲಿ ಸಮಯ ಬರೆದಿದ್ದೇನೆ: ಸೈಟಿಗೆ ಶನಿವಾರ ಮಾತ್ರ, ಕಾಲೇಜಿನ ಪರೀಕ್ಷಾ ಕೆಲಸದ ವಾರಗಳಲ್ಲಿ ಅದೂ ಇಲ್ಲ, ಬಲದ ಅಂತಿಮ ವರದಿ 28 ದಿನದ ಕ್ಯೂಬ್ ಒಡೆದ ಮೇಲೆಯೇ. ಅದನ್ನು ಹತ್ತೇ ದಿನದಲ್ಲಿ ಕೇಳುವವರು ಇದನ್ನು ಓದಿ ಫೋನೇ ಮಾಡುವುದಿಲ್ಲ. ನನಗೂ ಅದೇ ಬೇಕಿತ್ತು.