ಎರಡು ಬ್ಯಾಚು, ಎರಡು ಪ್ರಶ್ನೆಪತ್ರಿಕೆ, ಒಂದು ಆಯ್ಕೆಪಟ್ಟಿ

ಕಲಬುರಗಿಯಲ್ಲಿ ನಮ್ಮ ಕಂಪನಿಗಾಗಿ ನಾನು ಮೊದಲ ಸಲ ಕ್ಯಾಂಪಸ್ ನೇಮಕಾತಿ ನಡೆಸಿದಾಗ ಕಲಬುರಗಿಯ ವಿದ್ಯಾರ್ಥಿಗಳನ್ನು ಬೆಳಗಿನ ಬ್ಯಾಚಿನಲ್ಲಿಯೂ, ಬೀದರ್ ಮತ್ತು ಯಾದಗಿರಿಯಿಂದ ಬರಬೇಕಾದವರನ್ನು ಎರಡನೆಯ ಬ್ಯಾಚಿನಲ್ಲಿಯೂ ಕೂರಿಸಿದ್ದೆ. ದೂರದವರಿಗೆ ಪ್ರಯಾಣದ ಸಮಯ ಸಿಗಲೆಂಬುದು ನನ್ನ ಉದ್ದೇಶವಾಗಿತ್ತು. ಪ್ರಶ್ನೆಗಳು ಸೋರಬಾರದೆಂದು ಎರಡು ಬ್ಯಾಚಿಗೆ ಎರಡು ಬೇರೆ ಪತ್ರಿಕೆಗಳಿದ್ದವು, ಕಟ್‌ಆಫ್ ಮಾತ್ರ ಒಂದೇ ಇತ್ತು. ಎರಡನೆಯ ಬ್ಯಾಚಿನಿಂದ ಬಹಳ ಕಡಿಮೆ ಜನ ಆಯ್ಕೆಯಾದರು. ಸಂಜೆ ಬೀದರಿನ ವಿದ್ಯಾರ್ಥಿಯೊಬ್ಬ ಬಂದು, "ನಮ್ಮ ಬ್ಯಾಚಿನ ಪೇಪರ್ ಭಾಳ ಟಫ್ ಇತ್ರಿ ಸರ್" ಎಂದ. ಅವನ ಮಾತು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿಯೇ ನನ್ನಲ್ಲಿರಲಿಲ್ಲ, ಏಕೆಂದರೆ ಪತ್ರಿಕೆಯೂ ಬೇರೆ, ಬರೆದವರೂ ಬೇರೆ ಊರಿನವರು. ಅಂಕ ಕಡಿಮೆಯಾದದ್ದಕ್ಕೆ ಇವೆರಡರಲ್ಲಿ ಯಾವುದು ಕಾರಣವೆಂದು ಬಿಡಿಸಿ ಹೇಳಲು ಸಾಧ್ಯವಿರಲಿಲ್ಲ.

ಮರುವರ್ಷ 412 ಮಂದಿ ಬಂದರು. ಕಾಲೇಜಿನ ಪ್ರಯೋಗಾಲಯಗಳಲ್ಲಿ ಒಟ್ಟು 210 ಕಂಪ್ಯೂಟರುಗಳಿದ್ದುದರಿಂದ ಎರಡು ಬ್ಯಾಚು ಅನಿವಾರ್ಯವಾಗಿತ್ತು. ಈ ಸಲ ಯಾರು ಯಾವ ಬ್ಯಾಚು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದೆವು. ಹಾಜರಿ ಪಟ್ಟಿಯ ಪ್ರತಿ ಹೆಸರಿನ ಮುಂದೆ ಎಕ್ಸೆಲ್‌ನಲ್ಲಿ ಈ ಸೂತ್ರ ಹಾಕಿ, ಬಂದ ಸಂಖ್ಯೆಯ ಕ್ರಮದಲ್ಲಿ ಪಟ್ಟಿಯನ್ನು ಜೋಡಿಸಿ, ಮೊದಲ 206 ಮಂದಿಯನ್ನು ಒಂದನೆಯ ಬ್ಯಾಚಿಗೆ ಹಾಕಿದೆವು.

```
=RAND()
```

ಈ ಸೂತ್ರದ ಸಂಖ್ಯೆಗಳು ಹಾಳೆಯಲ್ಲಿ ಏನೇ ತಿದ್ದಿದರೂ ಬದಲಾಗುತ್ತವೆ. ಆದ್ದರಿಂದ ಜೋಡಿಸುವ ಮೊದಲೇ ಅವನ್ನು ಬರಿಯ ಮೌಲ್ಯಗಳಾಗಿ ಅಂಟಿಸಿಕೊಳ್ಳಬೇಕು, ಇಲ್ಲವಾದರೆ ಬೆಳಿಗ್ಗೆ ಮಾಡಿದ ಹಂಚಿಕೆಯನ್ನು ಮಧ್ಯಾಹ್ನ ಯಾರಿಗೂ ತೋರಿಸಲಾಗುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಹಂಚಿಕೆ ಯಾವಾಗ ನಡೆಯುತ್ತದೆ ಎಂಬುದು. ಮೊದಲೇ ಹಂಚಿಬಿಟ್ಟರೆ ರೈಲು ತಡವಾಗಿ ಬಂದವರು ತಾವಾಗಿಯೇ ಎರಡನೆಯ ಬ್ಯಾಚಿಗೆ ಸೇರಿಕೊಳ್ಳುತ್ತಾರೆ, ಆಗ ಹಿಂದಿನ ವರ್ಷದ ತಪ್ಪೇ ಮರುಕಳಿಸುತ್ತದೆ. ಹೀಗಾಗಿ ದೂರದವರೆಲ್ಲ ಬಂದ ಮೇಲೆ, 9:45ಕ್ಕೆ ಹಂಚಿ, 10 ಗಂಟೆಗೆ ಪರೀಕ್ಷೆ ಆರಂಭಿಸಿದೆವು.

40 ಅಂಕಗಳ ಪರೀಕ್ಷೆಯಲ್ಲಿ ಮೊದಲ ಬ್ಯಾಚಿನ ಸರಾಸರಿ 18.1, ಎರಡನೆಯದರದು 15.4 ಬಂತು. ಎರಡರಲ್ಲಿಯೂ ಅಂಕಗಳ ಹರವು, ಅಂದರೆ ಪ್ರಮಾಣ ವಿಚಲನೆ, 5ರ ಆಸುಪಾಸಿನಲ್ಲಿತ್ತು. 206 ಮಂದಿಯ ಎರಡು ಗುಂಪುಗಳನ್ನು ಚೀಟಿಯಿಂದ ಮಾಡಿದಾಗ, ಕೇವಲ ಆಕಸ್ಮಿಕದಿಂದ ಸರಾಸರಿಗಳ ನಡುವೆ ಸಾಮಾನ್ಯವಾಗಿ ಅರ್ಧ ಅಂಕದಷ್ಟು, ಹೆಚ್ಚೆಂದರೆ ಒಂದೂವರೆ ಅಂಕದಷ್ಟು ಅಂತರ ಬಂದೀತು. 2.7ರ ಅಂತರಕ್ಕೆ ಬರೆದವರು ಕಾರಣರಲ್ಲ, ಪತ್ರಿಕೆಯೋ ಬ್ಯಾಚಿನ ಸಮಯವೋ ಕಾರಣವೆಂದು ಈಗ ಧೈರ್ಯವಾಗಿ ಹೇಳಬಹುದಿತ್ತು. ಆದ್ದರಿಂದ ಒಂದೇ ಕಟ್‌ಆಫ್ ಬಿಟ್ಟು, ಪ್ರತಿ ಬ್ಯಾಚಿನ ಮೊದಲ 48 ಸ್ಥಾನಗಳನ್ನು ತೆಗೆದುಕೊಂಡೆವು. 48ನೆಯ ಸ್ಥಾನದ ಅಂಕ ಒಂದು ಬ್ಯಾಚಿನಲ್ಲಿ 24, ಇನ್ನೊಂದರಲ್ಲಿ 21 ಆಗಿತ್ತು. ಅದೇ ಅಂಕ ಪಡೆದವರನ್ನು ಒಬ್ಬರನ್ನು ಬಿಟ್ಟು ಒಬ್ಬರನ್ನು ತೆಗೆದುಕೊಳ್ಳಲು ನ್ಯಾಯವಾದ ಕಾರಣವಿಲ್ಲವಾದ್ದರಿಂದ ಎಲ್ಲರನ್ನೂ ಸೇರಿಸಿಕೊಂಡಾಗ 50 ಮತ್ತು 49, ಒಟ್ಟು 99 ಮಂದಿಯಾದರು. ಎರಡಕ್ಕೂ 24ನ್ನೇ ಇಟ್ಟಿದ್ದರೆ ಎರಡನೆಯ ಬ್ಯಾಚಿನಿಂದ 27 ಮಂದಿ ಮಾತ್ರ ಉಳಿಯುತ್ತಿದ್ದರು.

ಸಂದರ್ಶನಕ್ಕೆ ಇದ್ದ ಆರು ಸಮಿತಿಗಳಿಗೂ ಇವರನ್ನು ಅದೇ ರೀತಿಯಲ್ಲಿ, 16 ಅಥವಾ 17 ಮಂದಿಯಂತೆ ಹಂಚಿದೆವು. ಒಬ್ಬೊಬ್ಬರಿಗೆ 10 ನಿಮಿಷ ಪ್ರಶ್ನೆ, 5 ನಿಮಿಷ ಅಂಕ ಬರೆಯಲು. ಎಲ್ಲರಿಗೂ ಅವೇ ನಾಲ್ಕು ಪ್ರಶ್ನೆಗಳು. ಸಂಜೆ ನೋಡಿದರೆ ಐದು ಸಮಿತಿಗಳ ಸರಾಸರಿ 20ಕ್ಕೆ 13ರಿಂದ 14ರೊಳಗಿದ್ದರೆ, ನಾಲ್ಕನೆಯ ಸಮಿತಿಯದು 10.8 ಇತ್ತು. ಅಂಕ ಕೂಡಿಸಿ ಸರಿಪಡಿಸುವ ಯೋಚನೆ ಬಂದರೂ ನಾನು ಒಪ್ಪಲಿಲ್ಲ. ಪರೀಕ್ಷೆಯ ಬ್ಯಾಚಿನಲ್ಲಿ 206 ಮಂದಿ ಇದ್ದರು, ಇಲ್ಲಿ 16 ಮಂದಿ. ಇಷ್ಟು ಚಿಕ್ಕ ಗುಂಪಿನಲ್ಲಿ ಆ ಕೊರತೆಯಲ್ಲಿ ಸಮಿತಿಯ ಬಿಗಿತನ ಎಷ್ಟು, ಬಂದವರ ಅದೃಷ್ಟ ಎಷ್ಟು ಎಂದು ಅಳೆಯಲಾಗದು. ಬದಲಿಗೆ ಪ್ರತಿ ಸಮಿತಿಯ ಮೊದಲ ನಾಲ್ವರನ್ನು ನೇರವಾಗಿ ಆರಿಸಿ, ಐದನೆಯ ಮತ್ತು ಆರನೆಯವರನ್ನು ಬೇರೊಂದು ಸಮಿತಿಯ ಮುಂದೆ ಇನ್ನೊಮ್ಮೆ ಕೂರಿಸಿದೆವು. ಒಳ್ಳೆಯವರೇ ಹೆಚ್ಚಾಗಿ ಒಂದು ಸಮಿತಿಗೆ ಬಿದ್ದಿದ್ದರೆ ಅವರಿಗೆ ಅನ್ಯಾಯವಾಗದಿರಲೆಂದು ಈ ಏರ್ಪಾಡು. ಆ 12 ಮಂದಿಯ ಮರುಸಂದರ್ಶನ ಅರ್ಧ ಗಂಟೆಯಲ್ಲಿ ಮುಗಿದು, 6 ಮಂದಿ ಸೇರಿದರು. ಅಂತಿಮ ಸುತ್ತಿಗೆ 30 ಮಂದಿಯಾದರು.

ಫಲಕದ ಮೇಲೆ ಎರಡೂ ಬ್ಯಾಚಿನ ಕಟ್‌ಆಫ್ ಮತ್ತು ಸರಾಸರಿಯನ್ನು ಮಧ್ಯಾಹ್ನವೇ ಹಚ್ಚಿದ್ದೆವು. ಮೊದಲ ಬ್ಯಾಚಿನಲ್ಲಿ 23 ಪಡೆದು ಹೊರಗುಳಿದ ಹುಡುಗಿಯೊಬ್ಬಳು, "21 ಬಂದವರು ಒಳಗ ಹೋಗ್ಯಾರ, ನಾ ಆ ಬ್ಯಾಚಿನ್ಯಾಗ ಇದ್ದಿದ್ರ?" ಎಂದು ಕೇಳಿದಳು. ಆ ಪತ್ರಿಕೆಯಲ್ಲಿ ಅವಳಿಗೆ ಬಹುಶಃ 20ರ ಹತ್ತಿರ ಬರುತ್ತಿತ್ತು, ಆದರೆ ಅವಳೊಬ್ಬಳ ವಿಷಯದಲ್ಲಿ ಅದನ್ನು ಖಚಿತವಾಗಿ ಹೇಳಲಾರೆ ಎಂದೆ, ಮತ್ತು ಹಂಚಿಕೆಯ ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ತನ್ನ ಹೆಸರನ್ನು ಹುಡುಕಿ, ಪಕ್ಕದ ಸಂಖ್ಯೆಯನ್ನೂ ಅದರ ಹಿಂದುಮುಂದಿನ ಹೆಸರುಗಳನ್ನೂ ಬಹಳ ಹೊತ್ತು ಓದಿದಳು.