ಸಂದರ್ಶಕರು ಮಧ್ಯೆ ಬಾಯಿ ಹಾಕಿದಾಗ: ಸ್ಟ್ರೆಸ್ ಇಂಟರ್‌ವ್ಯೂನಲ್ಲಿ ಮಾತು ತಡವರಿಸದಿರಲು

ನೀವು ಉತ್ತರದ ಎರಡನೇ ವಾಕ್ಯದಲ್ಲಿದ್ದೀರಿ. ಎದುರಿಗೆ ಕುಳಿತವರು ನಿಮ್ಮ ಮುಖ ನೋಡದೆ, ರೆಸ್ಯೂಮೆಯ ಮೇಲೆ ಕಣ್ಣಿಟ್ಟುಕೊಂಡೇ ‘ಸಾಕು, ಇದರಲ್ಲಿ ನಿಮ್ಮದೇನಿದೆ?’ ಎನ್ನುತ್ತಾರೆ. ಒತ್ತಡದಲ್ಲಿ ಅಭ್ಯರ್ಥಿ ಹೇಗೆ ವರ್ತಿಸುತ್ತಾರೆಂದು ನೋಡಲು ಬೇಕೆಂದೇ ನಡೆಸುವ ಸ್ಟ್ರೆಸ್ ಇಂಟರ್‌ವ್ಯೂನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಉತ್ತರ ಗೊತ್ತಿಲ್ಲದೆ ಅಲ್ಲ, ಮಾತು ತುಂಡಾದ ಮೇಲಿನ ಎರಡು ಮೂರು ಸೆಕೆಂಡುಗಳಲ್ಲಿ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳದೆ.

ತಣ್ಣಗಿನ ಮುಖ ಕಂಡರೆ ಎದೆ ಬಡಿತ ಏರುವುದು ದೌರ್ಬಲ್ಯವೇನಲ್ಲ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಒತ್ತಡದ ಅಧ್ಯಯನಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಮಾಡಿಸುವುದು ಉದ್ಯೋಗ ಸಂದರ್ಶನದಂಥ ಐದು ನಿಮಿಷದ ಭಾಷಣ, ಆಮೇಲೆ ಐದು ನಿಮಿಷ 1022ರಿಂದ 13ನ್ನು ಕಳೆಯುತ್ತಾ ಹೋಗುವ ಬಾಯಿಲೆಕ್ಕ. ಮುಂದೆ ಕುಳಿತವರು ನಗುವುದಿಲ್ಲ, ತಲೆಯಾಡಿಸುವುದಿಲ್ಲ. ಅಷ್ಟಕ್ಕೇ ಹೆಚ್ಚಿನವರಲ್ಲಿ ಒತ್ತಡದ ಹಾರ್ಮೋನಾದ ಕೋರ್ಟಿಸಾಲ್ ಏರುತ್ತದೆ. ಆದ್ದರಿಂದ ‘ಹೆದರಬಾರದು’ ಎಂದು ನಿಮಗೆ ನೀವೇ ಹೇಳಿಕೊಳ್ಳುವುದರಲ್ಲಿ ಸಮಯ ಕಳೆಯಬೇಡಿ. ಗಾಬರಿ ಇದ್ದಾಗಲೂ ನಡೆಸಬಹುದಾದ ಒಂದು ಕ್ರಮ ಕೈಯಲ್ಲಿದ್ದರೆ ಸಾಕು.

ಮೊದಲು ಬಾಯಿ ಮುಚ್ಚಿ, ಉಸಿರು ಬಿಡಿ

ಅವರು ಮಧ್ಯೆ ಮಾತಾಡಿದ ಕ್ಷಣವೇ ನಿಲ್ಲಿಸಿ, ವಾಕ್ಯ ಅರ್ಧವಾದರೂ ಸರಿ. ಅವರ ದನಿಯ ಮೇಲೆ ನಿಮ್ಮ ದನಿ ಏರಿಸಿ ವಾಕ್ಯ ಮುಗಿಸಲು ಹೋದರೆ ಎರಡು ನಷ್ಟ: ಪ್ರಶ್ನೆ ಪೂರ್ತಿ ಕೇಳಿಸುವುದಿಲ್ಲ, ಮಾತಿನ ವೇಗವೂ ಏರಿಬಿಡುತ್ತದೆ. ಅವರು ಮಾತಾಡುತ್ತಿರುವಾಗಲೇ ಮೂಗಿನಿಂದ ನಿಧಾನವಾಗಿ ಉಸಿರು ಹೊರಗೆ ಬಿಡಿ. ಅನೇಕರು ಇಲ್ಲಿ ದೀರ್ಘವಾಗಿ ಉಸಿರು ಎಳೆದುಕೊಳ್ಳುತ್ತಾರೆ, ಅದು ಉಲ್ಟಾ. ಉಸಿರು ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಬಿಡುವಾಗ ತುಸು ಇಳಿಯುತ್ತದೆ. ತುಂಬಿದ ಎದೆಯಿಂದ ಹೊರಡುವ ಮೊದಲ ಪದ ಜೋರಾಗಿಯೂ ಬರುತ್ತದೆ.

ಪ್ರಶ್ನೆ ಮುಗಿದ ಮೇಲೆ ಒಂದೆರಡು ಸೆಕೆಂಡು ಸುಮ್ಮನಿರಿ. ಮಾಮೂಲಿ ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ. ಅದಕ್ಕೇ ಎರಡು ಸೆಕೆಂಡು ನಿಮಗೆ ತುಂಬಾ ಉದ್ದ ಅನ್ನಿಸುತ್ತದೆ. ನೋಡುವವರಿಗೆ ಅದು ಯೋಚಿಸುತ್ತಿರುವಂತೆಯೇ ಕಾಣುತ್ತದೆ.

ಪ್ರಶ್ನೆಯನ್ನು ದನಿಯಿಂದ ಬೇರ್ಪಡಿಸಿ

ಆ ಎರಡು ಸೆಕೆಂಡಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಅದೇ ಪ್ರಶ್ನೆಯನ್ನು ಒಬ್ಬ ಸೌಮ್ಯ ವ್ಯಕ್ತಿ ಕೇಳಿದ್ದರೆ ಹೇಗೆ ಕೇಳುತ್ತಿದ್ದರು ಎಂದು ಮನಸ್ಸಿನಲ್ಲಿ ತಿರುಗಿಸಿಕೊಳ್ಳಿ. ‘ಇದರಲ್ಲಿ ನಿಮ್ಮದೇನಿದೆ?’ ಎಂಬುದು ‘ಈ ಫಲಿತಾಂಶದಲ್ಲಿ ನಿಮ್ಮ ಪಾಲೆಷ್ಟು?’ ಎಂದಾಗುತ್ತದೆ. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದೇ ಇರುತ್ತದೆ.

ಗೋದಾಮಿನ ಉಸ್ತುವಾರಿ ಕೆಲಸದ ಒಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳಿ. ಲೆಕ್ಕದಲ್ಲಿರುವ ಸ್ಟಾಕಿಗೂ ಗೋದಾಮಿನಲ್ಲಿ ನಿಜಕ್ಕೂ ಇರುವ ಸ್ಟಾಕಿಗೂ ನಡುವಿನ ವ್ಯತ್ಯಾಸವನ್ನು ಆರು ತಿಂಗಳಲ್ಲಿ ಶೇ 4ರಿಂದ ಶೇ 1ಕ್ಕೆ ಇಳಿಸಿದ್ದನ್ನು ಹೇಳಲು ಶುರು ಮಾಡಿದ್ದಾರೆ.

‘ಸಾಕು. ಹೊಸ ಸಾಫ್ಟ್‌ವೇರ್ ಬಂತು, ವ್ಯತ್ಯಾಸ ಇಳಿಯಿತು. ಇದರಲ್ಲಿ ನಿಮ್ಮದೇನಿದೆ?’

ಗಾಬರಿಯ ಉತ್ತರ ಹೀಗಿರುತ್ತದೆ: ‘ಇಲ್ಲ ಸರ್, ಹಾಗಲ್ಲ, ಸಾಫ್ಟ್‌ವೇರ್ ಬಂದಿದ್ದು ನಿಜ, ಆದರೆ ಟೀಮೆಲ್ಲಾ ಸೇರಿ ಮಾಡಿದ್ದು, ನಾನೂ ತುಂಬಾ ಕಷ್ಟಪಟ್ಟಿದ್ದೀನಿ...’ ಮೊದಲು ಅಲ್ಲಗಳೆದರು, ಮರುಕ್ಷಣ ಒಪ್ಪಿಕೊಂಡರು, ಆಮೇಲೆ ತಮ್ಮ ಪಾಲನ್ನು ಟೀಮಿಗೆ ಹಂಚಿದರು, ಕೊನೆಗೆ ಕೇಳದೇ ಇದ್ದ ಕಷ್ಟದ ಮಾತಿಗೆ ಬಂದರು. ಕೇಳಿದ್ದಕ್ಕೆ ಉತ್ತರ ಮಾತ್ರ ಬರಲೇ ಇಲ್ಲ.

ಗಟ್ಟಿಯಾಗಿ ನಿಲ್ಲುವ ಉತ್ತರ ತೀರ್ಪಿನಿಂದ ಶುರುವಾಗುತ್ತದೆ, ವಿವರ ಹಿಂದೆ ಬರುತ್ತದೆ: ‘ಮೊದಲ ಅರ್ಧ ನನ್ನದು, ಉಳಿದದ್ದರಲ್ಲಿ ಸಾಫ್ಟ್‌ವೇರ್ ಪಾಲು ಹೆಚ್ಚು. ಸಾಫ್ಟ್‌ವೇರ್ ಬಂದದ್ದು ನಾಲ್ಕನೇ ತಿಂಗಳು. ಅದಕ್ಕೆ ಮೊದಲೇ ವ್ಯತ್ಯಾಸ ಶೇ 2.5ಕ್ಕೆ ಇಳಿದಿತ್ತು, ನಾನು ಶುರು ಮಾಡಿದ ದಿನನಿತ್ಯದ ಎಣಿಕೆಯಿಂದ.’ ಹದಿನೈದು ಸೆಕೆಂಡಿನೊಳಗೆ ಮುಗಿಯುತ್ತದೆ. ಮೊದಲ ವಾಕ್ಯದಲ್ಲೇ ಸಾರ ಇರುವುದರಿಂದ, ಮತ್ತೆ ತಡೆದರೂ ಹೇಳಬೇಕಾದ್ದು ಹೇಳಿಯಾಗಿರುತ್ತದೆ. ಮಧ್ಯೆ ಬಾಯಿ ಹಾಕುವವರ ಮುಂದೆ ಹಿನ್ನೆಲೆಯಿಂದ ಆರಂಭಿಸುವ ಉತ್ತರಗಳು ಸೋಲುವುದು ಇದಕ್ಕೇ: ಸಾರ ಕೊನೆಯಲ್ಲಿರುತ್ತದೆ, ಕೊನೆ ಬರುವುದೇ ಇಲ್ಲ.

ಸಾಫ್ಟ್‌ವೇರ್ ಪಾಲನ್ನು ತಾವಾಗಿಯೇ ಒಪ್ಪಿಕೊಂಡದ್ದನ್ನೂ ಗಮನಿಸಿ. ಸವಾಲಿನಲ್ಲಿ ಇರುವ ನಿಜವನ್ನು ನೀವೇ ಮೊದಲು ಹೇಳಿದರೆ ಅವರಿಗೆ ಎಳೆಯಲು ಹಗ್ಗ ಸಿಗುವುದಿಲ್ಲ.

ಆಮೇಲೆ ಮೌನ

ಉತ್ತರ ಮುಗಿಯಿತು. ಅವರು ಏನೂ ಹೇಳದೆ ಪೆನ್ನು ತಿರುಗಿಸುತ್ತಾರೆ. ನನ್ನ ಪ್ರಕಾರ ಮಧ್ಯೆ ತಡೆಯುವುದಕ್ಕಿಂತ ಅಪಾಯಕಾರಿ ಇದು. ಖಾಲಿ ಜಾಗ ತುಂಬಲು ಅಭ್ಯರ್ಥಿಯೇ ‘ಅಂದ್ರೆ, ಎಲ್ಲಾ ತಿಂಗಳೂ ಸರಿಯಾಗಿ ಎಣಿಸಿರಲಿಲ್ಲ...’ ಎಂದು ತನ್ನ ಉತ್ತರಕ್ಕೆ ತಾನೇ ತೂತು ಕೊರೆಯುತ್ತಾರೆ. ಬಾಯಲ್ಲಿ ‘ಅಂದ್ರೆ’ ಬಂದರೆ ಅದನ್ನೇ ನಿಲ್ಲಿಸುವ ಸೂಚನೆ ಎಂದುಕೊಳ್ಳಿ. ಕೈಗಳನ್ನು ತೊಡೆಯ ಮೇಲೋ ಮೇಜಿನ ಮೇಲೋ ಇಟ್ಟು, ಮನಸ್ಸಿನಲ್ಲೇ ನಿಧಾನಕ್ಕೆ ಐದರವರೆಗೆ ಎಣಿಸಿ. ಇನ್ನೂ ಮೌನವಿದ್ದರೆ ‘ಇದರಲ್ಲಿ ಯಾವುದಾದರೂ ಭಾಗವನ್ನು ವಿವರಿಸಬೇಕೇ?’ ಎಂದು ಒಮ್ಮೆ ಕೇಳಿ. ಎರಡನೇ ಸಲ ಕೇಳಬೇಡಿ.

ಸಂದರ್ಶಕರು ‘ನನಗೆ ಒಪ್ಪಿಗೆಯಾಗಲಿಲ್ಲ’ ಎಂದರೆ ಅದೇ ಉತ್ತರವನ್ನು ಜೋರಾಗಿ ಹೇಳುವುದು ತಪ್ಪು, ಬೇರೆ ಉತ್ತರಕ್ಕೆ ಜಿಗಿಯುವುದು ಇನ್ನೂ ದೊಡ್ಡ ತಪ್ಪು. ‘ಯಾವುದು ಒಪ್ಪಿಗೆಯಾಗಲಿಲ್ಲ, ಅಂಕಿಯೋ, ಅದಕ್ಕೆ ನಾನು ಕೊಟ್ಟ ಕಾರಣವೋ?’ ಎಂದು ಕೇಳಿ. ಅವರು ‘ಕಾರಣ’ ಎಂದರೆ, ಗೊತ್ತಿರುವಷ್ಟನ್ನೇ ಹೇಳಿ: ‘ಆ ತಿಂಗಳುಗಳಲ್ಲಿ ವಾಪಸ್ ಬಂದ ಸರಕೂ ಕಡಿಮೆ ಇತ್ತು. ಅದರ ಪರಿಣಾಮವನ್ನೂ ಎಣಿಕೆಯ ಪರಿಣಾಮವನ್ನೂ ಬೇರೆ ಬೇರೆ ಅಳೆದಿಲ್ಲ.’ ಸಾಬೀತು ಮಾಡಲಾಗದ್ದನ್ನು ಸಾಬೀತು ಮಾಡಲು ಹೊರಟರೆ ಮುಂದಿನ ಮೂರು ಪ್ರಶ್ನೆಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಅಭ್ಯಾಸ ಹೇಗೆ

ಕನ್ನಡಿ ಮುಂದೆ ಅಭ್ಯಾಸ ಮಾಡಿದರೆ ಇದು ಬರುವುದಿಲ್ಲ, ಕನ್ನಡಿ ಮಧ್ಯೆ ಬಾಯಿ ಹಾಕುವುದಿಲ್ಲ. ಸ್ನೇಹಿತರೊಬ್ಬರನ್ನು ಕೂರಿಸಿ. ನಿಮ್ಮ ರೆಸ್ಯೂಮೆಯ ಐದು ಸಾಲುಗಳನ್ನು ಅವರಿಗೆ ಕೊಟ್ಟು, ಪ್ರತಿ ಉತ್ತರವನ್ನೂ ಹತ್ತು ಸೆಕೆಂಡಿನ ಸುಮಾರಿಗೆ ‘ಸಾಕು’, ‘ಅದಕ್ಕೇನು?’, ‘ನಂಬಿಕೆ ಬರುತ್ತಿಲ್ಲ’ ಎಂದು ತುಂಡರಿಸಲು ಹೇಳಿ, ನಗಬಾರದೆಂದೂ ಹೇಳಿ. ಇಪ್ಪತ್ತು ನಿಮಿಷ ಸಾಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎರಡನ್ನೇ ಗಮನಿಸಿ: ತಡೆದ ಮೇಲೆ ಶುರುವಾದ ಮೊದಲ ಪದ ಯಾವುದು, ವಾಕ್ಯದ ಕೊನೆಯ ಕ್ರಿಯಾಪದ ಕೇಳಿಸುತ್ತಿದೆಯೇ. ಗಾಬರಿಯಾದಾಗ ಮೊದಲು ನುಂಗಿಹೋಗುವುದು ಆ ಕೊನೆಯ ಕ್ರಿಯಾಪದವೇ.

ಈ ಕ್ರಮ ಕೆಲಸದ ಬಗೆಗಿನ ಪ್ರಶ್ನೆಗಳಿಗೆ ಮಾತ್ರ. ಧರ್ಮ, ಮದುವೆ, ಗರ್ಭಧಾರಣೆ, ಮೈಕಟ್ಟನ್ನು ಹಿಡಿದು ಕೆಣಕಿದರೆ ಅದು ಒತ್ತಡದ ಪರೀಕ್ಷೆಯಲ್ಲ, ಸಹಿಸಿಕೊಂಡು ಅಂಕ ಗಳಿಸಬೇಕಾದದ್ದೂ ಅಲ್ಲ. ‘ಇದು ಈ ಕೆಲಸಕ್ಕೆ ಸಂಬಂಧಿಸಿದ್ದಲ್ಲ, ಉತ್ತರಿಸುವುದಿಲ್ಲ. ಕೆಲಸದ ಬಗ್ಗೆ ಕೇಳಿ’ ಎಂದು ಅದೇ ಶಾಂತ ದನಿಯಲ್ಲಿ ಹೇಳಿ. ಮತ್ತೆ ಅದನ್ನೇ ಕೇಳಿದರೆ ಎದ್ದು ಬರಲು ನಿಮಗೆ ಹಕ್ಕಿದೆ.