ಗೆರೆ ಅಂಡಾಶಯಕ್ಕಾ, ಅಂಡಕಕ್ಕಾ?

ಹೂವಿನ ಚಿತ್ರದಲ್ಲಿ ಭಾಗ ಗುರುತಿಸುವಾಗ ಜಾಸ್ತಿ ಗೊಂದಲ ಆಗೋದು ಕೆಳಗಿನ ಉಬ್ಬಿದ ಭಾಗದಲ್ಲೇ, ಅಲ್ವಾ? ಗೆರೆ ಅಂಡಾಶಯದ ಗೋಡೆ ದಾಟಿ ಒಳಗೆ ಹೋಗಿರುತ್ತದೆ, ಆದರೆ ಒಳಗಿನ ಪುಟ್ಟ ಉಂಡೆಯನ್ನು, ಅಂದರೆ ಅಂಡಕವನ್ನು, ಮುಟ್ಟಿರುವುದಿಲ್ಲ.

ಸುಮ್ನೆ ಊಹಿಸಬೇಡಿ. ಮೊದಲು ಅನುಮಾನವಿಲ್ಲದ ಗೆರೆಗಳನ್ನು ತುಂಬಿ: ತುದಿಯ ಶಲಾಕಾಗ್ರ, ಅದರ ಕೆಳಗಿನ ಶಲಾಕೆ, ಪಕ್ಕದ ಪರಾಗಕೋಶ. ಆಮೇಲೆ ನೋಡಿ, ಆ ಉಬ್ಬಿಗೆ ಎಷ್ಟು ಗೆರೆ ಉಳಿದಿದೆ? ಎರಡಿದ್ದರೆ ಹೆಚ್ಚು ಒಳಗೆ ಹೋಗಿರುವುದು ಅಂಡಕ, ಇನ್ನೊಂದು ಅಂಡಾಶಯ. ಒಂದೇ ಇದ್ದು ಖಾಲಿ ಜಾಗದಲ್ಲಿ ನಿಂತಿದ್ದರೆ ಅಂಡಾಶಯ ಅಂತಲೇ ಬರೆಯಿರಿ, ಯಾಕಂದ್ರೆ ಆ ಖಾಲಿ ಜಾಗವೂ ಅಂಡಾಶಯದ್ದೇ. ಗೆರೆಯ ಬದಲು ಶಲಾಕಾಗ್ರ, ಶಲಾಕೆ, ಅಂಡಾಶಯ ಈ ಮೂರನ್ನೂ ಸೇರಿಸುವ ಆವರಣ ಚಿಹ್ನೆ ಇದ್ದರೆ ಮಾತ್ರ ಉತ್ತರ ಶಲಾಕೆ.. ಅಲ್ಲ, ಇಡೀ ಹೆಣ್ಣು ಭಾಗ! ನಾನೇ ಇಲ್ಲಿ ಎಡವಿದ್ದೇನೆ.

ಆದರೂ ಅನುಮಾನವೇ? ಗೆರೆಯ ತುದಿಗೆ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು, ನೀವು ಯಾವುದನ್ನು ಹೆಸರಿಸಿದ್ದೀರಿ ಅಂತ ತೋರಿಸಿ.